ಹಳೆಯ ನಾಲ್ಕನೇ ಟೇಬಲ್

ಬಾಂದ್ರಾ ಸ್ಟೇಷನ್ನಿಗೆ ಹತ್ತಿರದ ಆ ಉಡುಪಿ ಹೋಟೆಲಿನಲ್ಲಿ ಟೇಬಲ್ಲುಗಳ ನಂಬರು ಬದಲಾದ ದಿನ ಒಬ್ಬನೇ ಒಬ್ಬ ಮನುಷ್ಯ ಹೆದರಿದ. ಅವನೇ ಸೂಪರ್‌ವೈಸರ್ ಅಂಗಾರ. ಉಳಿದವರೆಲ್ಲ ಟೇಬಲ್ಲುಗಳಿಗೆ ಹಾಕಿಸಿದ ಹೊಸ ಗ್ರಾನೈಟಿನ ಮೇಲೆ ಕೈಯಾಡಿಸಿ, ತಣ್ಣಗಿದೆಯಲ್ಲ ಎಂದು ಸಂತೋಷಪಟ್ಟರು.

ಧಣಿಗಳ ಮಗ ಅಕ್ಷಯ ಆರ್ಡರ್ ಬರೆದುಕೊಳ್ಳಲು ಹೊಸ ಟ್ಯಾಬ್ ತಂದಿದ್ದ. ಆ ಟ್ಯಾಬಿಗೆ ಊಟದ ಹಾಲ್‌ನ ಟೇಬಲ್ಲುಗಳ ಹಳೆಯ ಲೆಕ್ಕ ಅರ್ಥವಾಗಲಿಲ್ಲವಂತೆ. ಅದಕ್ಕೆ ಝೋನ್ ಬೇಕಂತೆ, ಅಂದರೆ ಟೇಬಲ್ಲುಗಳ ಗುಂಪು.

"ಹೆಚ್ಚೇನೂ ಇಲ್ಲ ಅಂಗಾರಣ್ಣ," ಎಂದ ಅಕ್ಷಯ. "ಎಂಟು ಟೇಬಲ್ ಹಾಗೇ ಉಂಟು. ಕಂಬದ ಹತ್ತಿರದ ಆರು ಇನ್ನು ಮೇಲೆ ನಾಲ್ಕು. ಆಚೆ ಇದ್ದ ನಾಲ್ಕು ಇನ್ನು ಮೇಲೆ ಆರು. ಅಷ್ಟೇ. ಎರಡು ದಿನದಲ್ಲಿ ಸೆಟ್ ಆಗ್ತದೆ."

"ಹತ್ತು ದಿನ ಬಿಟ್ಟು ಮಾಡಿದ್ರೆ ಆಗ್ತಿರ್ಲಿಲ್ವಾ ಧಣಿ?"

"ಯಾಕೆ? ಹತ್ತು ದಿನದ ಮೇಲೆ ಎಂತ ಉಂಟು?"

ಅಂಗಾರ ಹೊಸ ಗ್ರಾನೈಟನ್ನು ಒರೆಸತೊಡಗಿದ. ಹತ್ತು ದಿನದ ಮೇಲೆ ತನಗೆ ಸಂಸ್ಕೃತ ಪರೀಕ್ಷೆ ಉಂಟು, ಅದಕ್ಕೂ ನಾಲ್ಕನೇ ಟೇಬಲ್ಲಿಗೂ ಸಂಬಂಧ ಉಂಟು ಎಂದು ಎಂಬಿಎ ಓದಿದವನ ಮುಂದೆ ಹೇಳುವುದು ಹೇಗೆ?

ಸಂಬಂಧ ಇದ್ದದ್ದು ನಿಜ. ಇಪ್ಪತ್ತೆರಡು ವರ್ಷದಿಂದ ಅಂಗಾರ ಆ ಹಾಲ್‌ನಲ್ಲಿ ನಡೆದಿದ್ದಾನೆ. ಮೊದಮೊದಲ ವರ್ಷಗಳಲ್ಲಿ ಮಧ್ಯಾಹ್ನ ಮೂರರ ಮೇಲೆ, ಗಿರಾಕಿ ಕಡಿಮೆಯಾದಾಗ, ಕಿವಿ ಮಂದವಾದ ಒಬ್ಬ ನಿವೃತ್ತ ಸಂಸ್ಕೃತ ಮೇಷ್ಟ್ರು ಬಂದು ಮೂರನೇ ಟೇಬಲ್ಲಿನಲ್ಲಿ ಕೂರುತ್ತಿದ್ದರು. ಒಂದು ಚಹಾಕ್ಕೆ ಎರಡು ಗಂಟೆ. ಅಂಗಾರನ ನೆನಪಿನ ಶಕ್ತಿ ನೋಡಿ ಅವರೇ ಒಂದು ದಿನ ಕೇಳಿದರು: "ಹತ್ತು ಟೇಬಲ್ಲಿನ ಆರ್ಡರು ಬರೆಯದೆ ನೆನಪಿಟ್ಟುಕೊಳ್ತೀಯಲ್ಲ ಮಾರಾಯ, ಸಂಸ್ಕೃತದಲ್ಲಿ ಧಾತು, ಅಂದ್ರೆ ಕ್ರಿಯಾಪದದ ಮೂಲ, ಅದಕ್ಕೂ ಹತ್ತೇ ಗಣ, ಹತ್ತೇ ಗುಂಪು. ಕಲಿತೀಯಾ?" ಕೇಳಿದ ಕೂಡಲೇ ಜಾತಿ ತಿಳಿದುಹೋಗುವ ಅಂಗಾರ ಎಂಬ ಹೆಸರಿನವನಿಗೆ ಅವನ ಊರಿನಲ್ಲಿ ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. ಕೇಳುವ ಪೈಕಿಯವರೂ ಅಲ್ಲಿರಲಿಲ್ಲ.

ಮೇಷ್ಟ್ರು ಹತ್ತು ಗಣಗಳನ್ನು ಹತ್ತು ಟೇಬಲ್ಲಿಗೆ ಕೂರಿಸಿದರು. ಬಾಗಿಲಿನಿಂದ ಒಳಗೆ ಹೋಗುವಾಗ ಒಂದರಿಂದ ಐದು, ತಿರುಗಿ ಬರುವಾಗ ಆರರಿಂದ ಹತ್ತು. ಬಾಗಿಲ ಪಕ್ಕದ ಒಂದನೆಯದು ಸದಾ ಭರ್ತಿ. ಒಂದನೇ ಗಣದಲ್ಲೂ ಹಾಗೆಯೇ, ಅರ್ಧಕ್ಕರ್ಧ ಧಾತುಗಳು ಅಲ್ಲೇ. ಅಲ್ಲಿ ಕೂತವರು ಉಬ್ಬುತ್ತಾರೆ, ಧಾತುವಿನ ಸ್ವರವೂ ಉಬ್ಬುತ್ತದೆ: ಭೂ ಹೋಗಿ ಭವ, ನೀ ಹೋಗಿ ನಯ. ಎರಡನೆಯದು ಅಡುಗೆಮನೆ ಬಾಗಿಲಿಗೆ ಎದುರು, ಹೋಟೆಲಿನವರು ಉಣ್ಣುವ ಜಾಗ. ಅಲ್ಲಿ ಧಾತುವಿಗೂ ಪ್ರತ್ಯಯಕ್ಕೂ ನಡುವೆ ಏನೂ ಬರುವುದಿಲ್ಲ, ತಟ್ಟೆಗೂ ಬಾಯಿಗೂ ನಡುವೆ ಬಾರದ ಹಾಗೆ. ಮೂರನೆಯದು ಮೇಷ್ಟ್ರದೇ. ಅಲ್ಲಿ ಎಲ್ಲವನ್ನೂ ಎರಡೆರಡು ಸಲ ಹೇಳಬೇಕು: ದಾ ಹೋಗಿ ದದಾತಿ.

ನಾಲ್ಕನೆಯದು ಕುಣಿಯುವ ಟೇಬಲ್. ದಿನಾ ಬೆಳಿಗ್ಗೆ ಅಂಗಾರ ಅದರ ಕಾಲಿನಡಿ ಪೇಪರ್ ಮಡಚಿ ಇಡುತ್ತಿದ್ದ. ಮಧ್ಯಾಹ್ನಕ್ಕೆ ಅದು ಮತ್ತೆ ಕುಣಿಯುತ್ತಿತ್ತು. ನೃತ್ ಧಾತು ಅಲ್ಲಿಯದು, ನಡುವೆ 'ಯ' ಬರುತ್ತದೆ, ನೃತ್ಯತಿ. ಆರನೆಯದು ಕಂಬದ ಬುಡದಲ್ಲಿ; ಬಂದವರೆಲ್ಲ ಮೊಣಕಾಲು ಹೊಡೆಸಿಕೊಳ್ಳುವ ಜಾಗ. ತುದ್ ಅಂದರೆ ಹೊಡೆ, ತುದತಿ. ಅಲ್ಲಿ ಕೂರುವವರು ಕಾಲೇಜಿನ ಕಡ್ಡಿ ಹುಡುಗರು, ಎಷ್ಟು ತಿಂದರೂ ಉಬ್ಬುವುದಿಲ್ಲ. ಆ ಗಣದ ಧಾತುಗಳೂ ಒಂದನೆಯವರಂತೆ ಉಬ್ಬುವುದಿಲ್ಲ. ಏಳನೆಯದು ಇಬ್ಬರಿಗೆಂದು ಇಟ್ಟದ್ದು, ಆದರೆ ರಶ್ಶಿನಲ್ಲಿ ನಡುವೆ ಮೂರನೆಯವನೊಬ್ಬ ನುಗ್ಗುತ್ತಾನೆ: ರುಧ್‌ನ ಹೊಟ್ಟೆಯೊಳಗೆ 'ನ' ನುಗ್ಗಿ ರುಣದ್ಧಿ ಆದ ಹಾಗೆ. ಒಂಬತ್ತನೆಯದು ಗಲ್ಲಾಕ್ಕೆ ತಾಗಿ. ಕೊಳ್ಳುವವರ ಗಣ, ಕ್ರೀಣಾತಿ. ಹತ್ತನೆಯದು ಹೊರಗೆ ಹೋಗುವ ದಾರಿಯಲ್ಲಿ, ಚಮಚ ಮಾಯವಾಗುವುದು ಅಲ್ಲೇ. ಚುರ್, ಕದಿ, ಚೋರಯತಿ.

ಮೇಷ್ಟ್ರು ತೀರಿಹೋದರು. ಟೇಬಲ್ಲುಗಳು ಉಳಿದವು. ಅಂಗಾರನ ಸಂಸ್ಕೃತವೂ ಅಲ್ಲಿಯೇ ಉಳಿಯಿತು.

ಈಗ ಅದು ಅವನಿಗೆ ತುರ್ತಾಗಿ ಬೇಕಾಗಿತ್ತು. ದಹಿಸರಿನಲ್ಲಿ ಅವನಿರುವ ಬಿಲ್ಡಿಂಗಿನ ಸೊಸೈಟಿ ರೂಮಿನಲ್ಲಿ ಒಂದು ವರ್ಷದಿಂದ, ಪ್ರತಿ ಭಾನುವಾರ ಸಂಜೆ ನಾಲ್ಕಕ್ಕೆ, ಅವನು ಹದಿನಾಲ್ಕು ಮಕ್ಕಳಿಗೆ ಸಂಸ್ಕೃತ ಹೇಳಿಕೊಡುತ್ತಿದ್ದ. ಮಕ್ಕಳಿಗೆ ಖುಷಿಯಾಗಿತ್ತು, ಅದೇ ದೊಡ್ಡವರಿಗೆ ಅನುಮಾನ ಹುಟ್ಟಿಸಿತು. ಒಬ್ಬ ತಾಯಿ ಕೇಳಿದಳು: ಈ ಅಂಗಾರ ಮೇಷ್ಟ್ರು ಯಾವ ಪರೀಕ್ಷೆ ಪಾಸು? ವಿಚಾರ ಕ್ಲಾಸು ನಡೆಸುವ ಸಂಸ್ಕೃತ ಸಭೆಗೆ ಹೋಯಿತು. ಸಭೆಯ ಕಾರ್ಯದರ್ಶಿ ಶಿವಪುತ್ರಪ್ಪ ಪತ್ರ ಬರೆದರು: ಕಲಿಸುವವರು ಸಭೆಯ ಪರೀಕ್ಷೆ ಪಾಸಾಗಿರತಕ್ಕದ್ದು, ಅಂಗಾರ ಅವರು ಬರಹದಲ್ಲಿ ಪಾಸು, ಮೌಖಿಕದಲ್ಲಿ ಎರಡು ಸಲ ಫೇಲು, ಮೂರನೆಯ ಸಲವೂ ಹಾಗಾದಲ್ಲಿ ಕ್ಲಾಸನ್ನು ಬೇರೆಯವರಿಗೆ ಒಪ್ಪಿಸಲಾಗುವುದು.

ಮೌಖಿಕದಲ್ಲಿ ಫೇಲಾದ ಕಾರಣ ಅಂಗಾರನಿಗೇ ತಿಳಿದಿರಲಿಲ್ಲ. ಕುರ್ಚಿಯಲ್ಲಿ ಕೂತ ಕೂಡಲೇ ತಲೆ ಒರೆಸಿದ ಟೇಬಲ್ಲಿನ ಹಾಗಾಗುತ್ತಿತ್ತು. ಮೊದಲ ಸಲ ಬಾಯಿಯೇ ಬಿಡಲಿಲ್ಲ. ಎರಡನೇ ಸಲ ಎಲ್ಲದಕ್ಕೂ ಒಂದನೇ ಗಣ ಅಂದ. ಅರ್ಧಕ್ಕರ್ಧ ಅಲ್ಲಿಯದೇ ಆದ್ದರಿಂದ ಬಚಾವಾಗಬಹುದೆಂಬ ಆಸೆ. ಆಗಲಿಲ್ಲ.

ಹೊಸ ನಂಬರು ಬಂದ ಮೂರನೇ ದಿನ ಅವನ ಭಯಕ್ಕೆ ಆಕಾರ ಬಂತು. ಕಂಬದ ಪಕ್ಕದ ಟೇಬಲ್ಲಿಗೆ "ನಾಲ್ಕಕ್ಕೆ ಎರಡು ಸೆಟ್‌ದೋಸೆ" ಎಂದು ಸರಿಯಾಗಿ ಕೂಗಿದ. ಕೂಗಿದ ಮೇಲೆ ಬೆವರಿದ. ಯಾಕೆಂದರೆ ತಪ್ಪಲಿಲ್ಲ. ದಿನಕ್ಕೆ ಹನ್ನೆರಡು ಗಂಟೆ ಕೂಗಿ ಕೂಗಿ ಹೊಸ ನಂಬರು ಒಳಗೆ ಇಳಿಯುತ್ತಿತ್ತು. ಹಾಗೆ ಇಳಿಯುವಾಗ ಯಾವುದು ಹೊರಗೆ ಹೋಗುತ್ತಿತ್ತೋ!

ಅಡುಗೆಮನೆಯ ಕೊರಗಣ್ಣ, ಅವನಿಗಿಂತ ಹಳಬರು, ದೋಸೆ ಕಲ್ಲಿನ ಹಿಂದಿನಿಂದ ನೋಡುತ್ತಿದ್ದರು.

"ಎಂತದು ಅಂಗಾರ, ದೆವ್ವ ಕಂಡವರ ಹಾಗೆ?"

"ನಾಲ್ಕು ಆರಾಯ್ತಲ್ಲ ಕೊರಗಣ್ಣ."

"ಆದ್ರೆ ಎಂತ? ದೋಸೆಗೆ ಗೊತ್ತಾಗ್ತದಾ?" ಎಂದವರು ಕಲ್ಲಿನ ಮೇಲೆ ನೀರು ಚಿಮುಕಿಸಿದರು. "ಹಳೇ ನಂಬರಿನ ಬಿಲ್ಲೆ ಎಲ್ಲ ಗುಜರಿಗೆ ಹಾಕ್ತಿದ್ದರು. ನಾನು ಗೋಣಿಯಲ್ಲಿ ಕಟ್ಟಿ ಇಟ್ಟಿದ್ದೇನೆ. ಹಿತ್ತಾಳೆ ಮಾರಾಯ, ಬಿಸಾಡ್ಲಿಕ್ಕೆ ಮನಸ್ಸು ಬರ್ಲಿಲ್ಲ."

ಮನೆಯಲ್ಲಿ ಮಗಳು ಶ್ರಾವ್ಯಾ ಪ್ರಶ್ನೆ ಕೇಳುತ್ತಿದ್ದಳು. ಹದಿನೇಳರ ಹುಡುಗಿ, ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವಾಗ ದಾದರಿನಲ್ಲಿ ಗಾಡಿ ಬದಲಿಸಿ ಹಿಂದಿ ಹತ್ತುತ್ತದೆ.

"ಪಪ್ಪಾ, ತುಷ್ಯತಿ?"

"ತುಷ್. ಆರು."

"ಗಲತ್. ನಡುವೆ ಯ ಇದೆಯಲ್ಲ! ಫೋರ್. ಸೃಜತಿ?"

"ನಾಲ್ಕು."

"ಪಪ್ಪಾ!"

"ಗೊತ್ತುಂಟು, ಗೊತ್ತುಂಟು. ಆರು."

"ಎಕ್ಸಾಮಿನರ್ ಮುಂದೆ 'ಗೊತ್ತುಂಟು' ಅಂದ್ರೆ ಚಲೇಗಾ ಕ್ಯಾ?"

ಅಂಗಾರನಿಗೆ ಟೇಬಲ್ ಸರಿಯಾಗಿಯೇ ಕಾಣುತ್ತಿತ್ತು. ತುಷ್ಯತಿ ಕುಣಿಯುವ ಟೇಬಲ್ಲಿಗೇ ಹೋಗಿ ಕೂರುತ್ತಿತ್ತು, ಸೃಜತಿ ಕಂಬದ ಬುಡಕ್ಕೆ. ಆದರೆ ಟೇಬಲ್ಲಿನ ಮೇಲಿನ ನಂಬರು ಹೊಸದು. ಸಭೆಯ ನಿಯಮದಲ್ಲಿ ಒಂದು ತಪ್ಪು ಮಾಫಿ. ಎರಡನೆಯದಕ್ಕೆ ಕಾಗದ ಮಡಚಿಡುತ್ತಾರೆ. ಅವನ ಎಣಿಕೆಯಲ್ಲಿ ಹತ್ತರಲ್ಲಿ ಎರಡು ಟೇಬಲ್ ಕೆಟ್ಟಿದ್ದವು. ಫೇಲಾಗಲು ತಪ್ಪೂ ಎರಡೇ ಬೇಕಾಗಿತ್ತು.

ಪರೀಕ್ಷೆಯ ಭಾನುವಾರ ಬೆಳಿಗ್ಗೆ ಅವನು ಎರಡು ಗಂಟೆ ಮುಂಚೆಯೇ ಹೊರಟ. ದಹಿಸರಿನಿಂದ ದಾದರಿಗೆ, ಅಲ್ಲಿ ಬ್ರಿಜ್ ದಾಟಿ ವಿಕ್ರೋಳಿಯ ಗಾಡಿ. ಹಳಿ ರಿಪೇರಿಯ ಬ್ಲಾಕ್ ಇದ್ದುದರಿಂದ ಗಾಡಿಗಳು ತಡ. ತಡವಾದಷ್ಟೂ ಒಳ್ಳೆಯದೇ ಅನ್ನಿಸಿತು. ಎಲ್ಲಾದರೂ ಪೂರಾ ನಿಂತುಹೋದರೆ ಫೇಲು ತಾನಲ್ಲ, ರೈಲ್ವೆ. ಗಾಡಿ ನಿಲ್ಲಲಿಲ್ಲ. ಅಂಗೈ ಒದ್ದೆ, ನಾಲಿಗೆ ಒಣ. ಎರಡಕ್ಕೂ ನೀರು ಹಂಚುವಾಗ ಎಲ್ಲೋ ಟೇಬಲ್ ತಪ್ಪಿದೆ ಎಂದುಕೊಂಡ. ನಗು ಬರಲಿಲ್ಲ.

ಪರೀಕ್ಷೆ ಒಂದು ಶಾಲೆಯ ಎರಡನೇ ಮಹಡಿಯಲ್ಲಿ. ಬಾಗಿಲಲ್ಲಿ ಶಿವಪುತ್ರಪ್ಪ ಹೆಸರು ಗುರುತು ಹಾಕಿಕೊಂಡರು. "ಮೂರನೇ ಸಲ ಅಲ್ಲೇನ್ರಿ? ಮೂರಕ್ಕ ಮುಕ್ತಾಯ," ಎಂದರು. ಸಮಾಧಾನ ಹೇಳುವ ಅವರ ರೀತಿ ಅದು.

ಒಳಗೆ ವಿನೋದಿನಿ ಮೇಡಂ ಕೂತಿದ್ದರು. ಧಾರವಾಡದ ಕಡೆಯವರು, ಕಾಲೇಜಿನಲ್ಲಿ ಮೂವತ್ತು ವರ್ಷ ಸಂಸ್ಕೃತ ಹೇಳಿ ನಿವೃತ್ತರಾದವರು. ಕನ್ನಡಕದ ಮೇಲಿಂದ ನೋಡುವ ಅಭ್ಯಾಸ. ಮೇಜಿನ ಮೇಲೆ ತಾಮ್ರದ ತಂಬಿಗೆ, ಅದರಲ್ಲಿ ಚೀಟಿಗಳು. ಪ್ರತಿ ಚೀಟಿಯಲ್ಲಿ ಅವರೇ ಕಟ್ಟಿದ ಒಂದೊಂದು ಸ್ತುತಿ ಶ್ಲೋಕ. ಬೇರೆಲ್ಲಾದರೂ ಸಿಗುವ ಶ್ಲೋಕ ಕೊಟ್ಟರೆ ಜನ ಅರ್ಥ ಬಾಯಿಪಾಠ ಮಾಡಿ ಬರುತ್ತಾರೆಂದು. ಒಂದು ಚೀಟಿ ತೆಗೆಯಬೇಕು, ಗಟ್ಟಿಯಾಗಿ ಓದಬೇಕು, ಅದರಲ್ಲಿರುವ ಒಂದೊಂದು ಕ್ರಿಯಾಪದಕ್ಕೂ ಧಾತು, ಗಣ, ಪ್ರತ್ಯಯ ಬರುವ ಮುಂಚಿನ ರೂಪ ಹೇಳಬೇಕು.

"ಕೂಡ್ರಿ," ಎಂದರು.

ಅಂಗಾರ ಕೂತ. ಕೂತ ಕೂಡಲೇ ತಲೆ ಖಾಲಿಯಾಗಲು ಶುರುವಾಯಿತು. ಚೀಟಿ ತೆಗೆದು ಓದಿದ. ದನಿ ನಡುಗಿದ್ದನ್ನು ಭಕ್ತಿ ಎಂದುಕೊಂಡಾರು ಅನ್ನುವ ಆಸೆಯಿಂದ ನಿಧಾನವಾಗಿ ಓದಿದ.

ಯೋ ಬಿಭೇತಿ ಹರಿಂ ಯಾತಿ ಪಾಪಂ ಮುಂಚತಿ ನೃತ್ಯತಿ |
ಸ ಗೃಹ್ಣಾತಿ ಪದಂ ತಸ್ಯ ತಂ ದೇವಃ ಪಾತಿ ಸರ್ವದಾ ||

"ಅರ್ಥ?"

"ಯಾರು ಹೆದರ್ತಾನೋ ಅವ ಹರಿಯ ಹತ್ರ ಹೋಗ್ತಾನೆ, ಪಾಪ ಬಿಡ್ತಾನೆ, ಕುಣೀತಾನೆ. ಅವನ ಪಾದ ಹಿಡಿತಾನೆ. ದೇವರು ಅವನನ್ನು ಯಾವಾಗ್ಲೂ ಕಾಯ್ತಾನೆ."

ಕ್ರಿಯಾಪದಗಳು ಆರು. ತಪ್ಪಲು ಜಾಗ ಆರು.

"ಮೊದಲನೇದು?"

"ಬಿಭೇತಿ. ಭೀ ಧಾತು. ಮೂರನೇ ಗಣ. ಎರಡು ಸಲ ಹೇಳ್ಬೇಕು, ಬಿಭೀ. ತಿ ಮುಂದೆ ಬಂದಾಗ ಬಿಭೇ." ಹೇಳಿದ ಮೇಲೆ ಅವನಿಗೆ ಅನ್ನಿಸಿತು, ಇದನ್ನು ಕಂಡುಕೊಳ್ಳಲು ಧಾತುಪಾಠವೇ ಬೇಕಿರಲಿಲ್ಲ. ಹೆದರಿಕೆ ಎಂದರೆ ಒಂದು ಸಲ ಹೇಳಿದರೆ ಮುಗಿಯದ ಸ್ಥಿತಿ.

"ಹೂಂ. ಯಾತಿ?"

"ಯಾ, ಎರಡು. ನಡುವೆ ಏನೂ ಇಲ್ಲ."

"ಮುಂಚತಿ?"

ಮುಚ್. ಅಂಗಾರನ ಕಣ್ಣೊಳಗೆ ಅದು ನೇರ ಕಂಬದ ಬುಡಕ್ಕೆ ಹೋಗಿ, ಮೊಣಕಾಲು ಹೊಡೆಸಿಕೊಂಡು ಕೂತಿತು. ಆ ಟೇಬಲ್ಲಿನ ಮೇಲೆ ಹೊಳೆಯುವ ಹೊಸ ನಂಬರು. "ನಾಲ್ಕು," ಎಂದ.

ವಿನೋದಿನಿ ಮೇಡಂ ಪೆನ್ನು ಎತ್ತಿ ಕನ್ನಡಕದ ಮೇಲಿಂದ ನೋಡಿದರು. "ನಾಲ್ಕೇನ್ರಿ? ಒಳಗ ಅನುಸ್ವಾರ ನೋಡಿ ಏಳು ಅನ್ನೋ ಮಂದಿ ಭಾಳ ಅದಾರ, ಅದು ನನಗೂ ಗೊತ್ತದ. ನಾಲ್ಕು ಅಂದಾವ್ರನ್ನ ಇವತ್ತೇ ಕಂಡೆ. ಮುಚ್ ಆರನೇದು." ಕಾಗದದ ಮೇಲೆ ಒಂದು ಗೆರೆ ಎಳೆದರು. "ಒಂದಾತು. ಮುಂದಿಂದು?"

ಮುಂದಿನದು ನೃತ್ಯತಿ.

ಅಂಗಾರನಿಗೆ ಟೇಬಲ್ ಕಂಡಿತು. ಪೇಪರ್ ಮಡಚಿಟ್ಟ ಕಾಲು ಕಂಡಿತು. ಅದರ ಮೇಲೆ ಆರು ಎಂದು ಬರೆದಿತ್ತು. ಈಗ ಮುಂಚತಿಯೂ ಆರು ಎಂದರಲ್ಲ. ಹಾಗಾದರೆ ಇದು? ಎರಡೂ ಟೇಬಲ್ಲುಗಳು ಒಂದರ ಮೇಲೊಂದು ಹತ್ತಿ ಕೂತವು. ಕಿವಿಯಲ್ಲಿ ಲೋಕಲ್ ಗಾಡಿ ಓಡಿತು. ಸಂಜೆ ನಾಲ್ಕಕ್ಕೆ ಸೊಸೈಟಿ ರೂಮಿನ ಹೊರಗೆ ಬಿಚ್ಚಿಡುವ ಹದಿನಾಲ್ಕು ಜೊತೆ ಚಪ್ಪಲಿ ಕಂಡವು. ಬಾಯಿ ತೆರೆದರೆ ಯಾವ ನಂಬರು ಹೊರಗೆ ಬೀಳುತ್ತದೋ ಎಂದು ತುಟಿ ಬಿಗಿ ಹಿಡಿದ.

"ಹೇಳ್ರಿ. ಹೊತ್ತು ಹೊಂಟದ," ಎಂದ ಮೇಡಮ್ಮಿಗೆ ಅಷ್ಟರಲ್ಲಿ ಕೆಮ್ಮು ಬಂತು. ಬೆಳಗಿನಿಂದ ಹನ್ನೊಂದು ಮಂದಿಯ ಸಂಸ್ಕೃತ ಕೇಳಿದ ಗಂಟಲು. ಕೆಮ್ಮು ನಿಲ್ಲಲಿಲ್ಲ. ಬಾಗಿಲ ಕಡೆ ಕೈ ಮಾಡಿ, "ಶಿವಪುತ್ರಪ್ಪನವ್ರ... ನೀರು..." ಎಂದರು.

ಶಿವಪುತ್ರಪ್ಪ ಕುರ್ಚಿಯಿಂದ ಏಳುವ ಮೊದಲೇ ಅಂಗಾರ ಎದ್ದಾಗಿತ್ತು. ಎದ್ದದ್ದು ಅವನಿಗೇ ಗೊತ್ತಾಗಲಿಲ್ಲ. ನೀರು ಎಂದವರು ಯಾರೇ ಇರಲಿ, ಇಪ್ಪತ್ತೆರಡು ವರ್ಷದಿಂದ ಕಾಲು ಅದರ ಪಾಡಿಗೆ ಏಳುತ್ತದೆ. ಹಿಂದಿನ ಕಿಟಕಿಯ ಮೇಲೆ ಹೂಜಿ ಇತ್ತು. ಬೆಂಚುಗಳ ನಡುವೆ ನಡೆದು, ಲೋಟ ತುಂಬಿಸಿ ತಿರುಗಿದ. ಮೂಲೆಯ ಬೆಂಚಿನ ತುದಿ ಮೊಣಕಾಲಿಗೆ ಬಡಿಯಿತು. ಒಂದು ತೊಟ್ಟು ನೀರೂ ಚೆಲ್ಲಲಿಲ್ಲ.

ನೋವಿನ ಜೊತೆಗೇ ಅವನಿಗೆ ಹಾಲ್ ಕಂಡಿತು. ಬಾಗಿಲಿನಿಂದ ಒಳಕ್ಕೆ ಐದು ಬೆಂಚು, ವಾಪಸು ಬರುವಾಗ ಐದು. ಹತ್ತು. ಗ್ರಾನೈಟ್ ಇಲ್ಲ, ನಂಬರೂ ಇಲ್ಲ. ಹಳೆಯ ಹಾಲ್. ಈಗ ಮೊಣಕಾಲಿಗೆ ಹೊಡೆದದ್ದು, ಎಣಿಸಿದರೆ, ಆರು.

ಲೋಟವನ್ನು ಮೇಡಂ ಮುಂದಿಟ್ಟ. ಕುರ್ಚಿಯನ್ನು ನೋಡಿದ. ಆ ಕುರ್ಚಿಯಲ್ಲೇ ಎರಡು ಸಲ ಫೇಲಾದದ್ದು. ಹೋಟೆಲಿನಲ್ಲಿ ಒಂದು ದಿನವೂ ಅವನು ಗಿರಾಕಿಯ ಹಾಗೆ ಕೂತು ಮೇಷ್ಟ್ರಿಂದ ಪಾಠ ಹೇಳಿಸಿಕೊಂಡಿರಲಿಲ್ಲ. ಹೆಗಲ ಮೇಲೆ ಬಟ್ಟೆ ಹಾಕಿಕೊಂಡು ನಿಂತೇ ಕಲಿತದ್ದು.

"ಮೇಡಂ, ನಾನು ನಿಂತುಕೊಂಡೇ ಹೇಳ್ಬಹುದಾ? ಬೆಂಚುಗಳ ಮಧ್ಯೆ."

"ನಿಂತಾದ್ರೂ ಹೇಳ್ರಿ, ನಡದಾದ್ರೂ ಹೇಳ್ರಿ," ಎಂದರು ಮೇಡಂ ನೀರು ಗುಟುಕರಿಸುತ್ತ. "ಶಿವಪುತ್ರಪ್ಪನವ್ರ, ನಿಯಮ ಏನರ ಅದ ಏನು?"

"ಕುಂಡ್ರಬೇಕು ಅಂತ ಎಲ್ಲೂ ಬರ್ದಿಲ್ರಿ," ಎಂದರು ಶಿವಪುತ್ರಪ್ಪ, ಬರೆಯದಿದ್ದುದಕ್ಕೆ ಬೇಸರವಿದ್ದವರ ಹಾಗೆ.

ಅಂಗಾರ ಬಾಗಿಲಿಗೆ ಹೋದ. ಅಲ್ಲಿಂದ ಒಳಗೆ ನಡೆದ. ಒಂದು, ಭರ್ತಿ. ಎರಡು, ಊಟದವರು. ಮೂರು, ಮೇಷ್ಟ್ರು, ಅಲ್ಲಿ ಒಂದು ಕ್ಷಣ ನಿಂತ. ನಾಲ್ಕನೆಯ ಬೆಂಚಿನ ಮೇಲೆ ಕೈಯಿಟ್ಟ. ಅದು ಗಟ್ಟಿಮುಟ್ಟಾಗಿತ್ತು, ಅಲುಗಲಿಲ್ಲ. ಅವನೇ ಹಿಡಿದು ಅಲುಗಿಸಿದ. ಖಡಖಡ ಎಂದಿತು.

"ನೃತ್ಯತಿ. ನೃತ್ ಧಾತು, ನಾಲ್ಕನೇ ಗಣ. ನಡುವೆ ಯ. ನೃತ್ಯ."

ಪೆನ್ನು ಅಲುಗಲಿಲ್ಲ. "ಗೃಹ್ಣಾತಿ?"

ಅವನು ಮುಂದೆ ಹೋಗಿ, ತಿರುಗಿ, ಈ ಸಲ ಮೊಣಕಾಲು ತಪ್ಪಿಸಿಕೊಂಡು, ಗಲ್ಲಾದ ಹತ್ತಿರ ಬಂದ. "ಗ್ರಹ್. ಒಂಬತ್ತು. ನಾ ಬರ್ತದೆ. ಗ್ರ ಹೋಗಿ ಗೃ ಆಗ್ತದೆ. ಗೃಹ್ಣಾ."

"ಕಡೀದು. ಪಾತಿ."

ಪಾ ಎಂದ ಕೂಡಲೇ ಹೋಟೆಲಿನವನಿಗೆ ನೆನಪಾಗುವುದು ಕುಡಿಯುವುದು; ಕೈಯಲ್ಲಿ ಈಗತಾನೇ ಲೋಟವಿತ್ತು ಬೇರೆ. ಕುಡಿಯುವ ಪಾ ಬಾಗಿಲ ಬಳಿ ಒಂದನೇ ಟೇಬಲ್ಲಿನವನು. ಕಾಲು ಆ ಕಡೆ ಎರಡು ಹೆಜ್ಜೆ ಹಾಕಿಯೂ ಬಿಟ್ಟಿತು. ನಿಂತ. ಪಾ ಅಲ್ಲಿ ಕೂತರೆ ಪಿಬತಿ ಆಗುತ್ತಾನೆ. ಚೀಟಿಯಲ್ಲಿರುವವನು ಪಾತಿ, ನಡುವೆ ಏನೂ ಇಲ್ಲ, ಮತ್ತು ಇವನು ಕುಡಿಯುವವನಲ್ಲ, ಕಾಯುವವನು. ಅಡುಗೆಮನೆ ಬಾಗಿಲಿಗೆ ಎದುರಿನ ಬೆಂಚಿನ ಬಳಿ ಹೋಗಿ ನಿಂತ.

"ಪಾ, ಕಾಯುವ ಪಾ. ಎರಡು," ಎಂದ. ದನಿ ಎರಡಾಗಿ ಒಡೆಯಿತು.

ವಿನೋದಿನಿ ಮೇಡಂ ಕಾಗದಕ್ಕೆ ಸಹಿ ಹಾಕಿ ಶಿವಪುತ್ರಪ್ಪನವರ ಕಡೆ ದೂಡಿದರು. ಶಿವಪುತ್ರಪ್ಪ ಮೊಹರು ಒತ್ತಿದರು. ಆ ಸದ್ದಿಗೂ ಅಂಗಾರ ಬೆಚ್ಚಿದ.

"ಪಾಸ್ ಆತ್ರಿ, ಇನ್ನರ ಉಸಿರು ಬಿಡ್ರಿ," ಎಂದರು ಮೇಡಂ. "ಈಗ ಹೇಳ್ರಿ, ಏನದು ನೀವು ಸುತ್ತಿದ್ದು?"

ಅಂಗಾರ ಹೇಳಿದ. ಟೇಬಲ್, ಮೇಷ್ಟ್ರು, ಟ್ಯಾಬ್, ಝೋನ್. ಮೇಡಂ ನಗುತ್ತಾರೆಂದು ಕಾದ. ಅವರು ನಗಲಿಲ್ಲ, ಅದು ಅವನಿಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

"ಅಂದ್ರ ಮುಂಚತಿಗೆ ನಿಮಗ ಜಾಗ ಖರೇನ ಕಂಡಿತ್ತು."

"ಕಂಡಿತ್ತು ಮೇಡಂ. ಬಿಲ್ಲೆ ಬದಲಾಗಿತ್ತು."

"ಗೆರಿ ಅಳಸಂಗಿಲ್ಲ ಬಿಡ್ರಿ, ತಪ್ಪು ತಪ್ಪೇ. ಆದ್ರ ಒಂದು ಕೇಳ್ತೀನಿ. ನಿಮ್ಮ ಹುಡುಗರಿಗೂ ಹಿಂಗ ಕಲಿಸ್ತೀರೇನ್ರಿ?"

"ಹೌದು."

"ಅವು ಆ ಹೋಟೆಲ್ ಹಾಲ್ ನೋಡ್ಯಾವೇನ?"

"ಇಲ್ಲ ಮೇಡಂ."

"ಮತ್ತ ಅವು ಎಲ್ಲಿ ಅಡ್ಡಾಡ್ತಾವ?"

ಅಂಗಾರ ಬೆಂಚುಗಳ ಸಾಲನ್ನು ತಿರುಗಿ ನೋಡಿದ. ಒಂದು ವರ್ಷ ತಾನು ಮಕ್ಕಳನ್ನು ಚಾಪೆಯ ಮೇಲೆ ಕೂರಿಸಿ ಟೇಬಲ್ಲಿನ ಕಥೆ ಹೇಳಿದ್ದ. ಕೂರಿಸಿ! ಡಿಸೆಂಬರಿನಲ್ಲಿ ಅವರಿಗೂ ಮೌಖಿಕ ಇದೆ, ಇದೇ ಮೇಡಂ, ಇದೇ ಕುರ್ಚಿ. ಪಾಸಾದ ಖುಷಿ ಮೆಟ್ಟಿಲಿಳಿಯುವವರೆಗೂ ಉಳಿಯಲಿಲ್ಲ.

ವಿಕ್ರೋಳಿಯಿಂದ ಅವನು ನೇರ ಮನೆಗೆ ಹೋಗಲಿಲ್ಲ, ಬಾಂದ್ರಾದಲ್ಲಿ ಇಳಿದ. ಕೊರಗಣ್ಣ ಹಳೆಯ ಬಿಲ್ಲೆಗಳ ಗೋಣಿ ಎತ್ತಿ ಕೊಟ್ಟರು. ಆಮೇಲೆ ಕೇಳಿದರು: "ಪಾಸಾ? ಮತ್ತೆ ಮುಖ ಯಾಕೆ ಇನ್ನೂ ಹಾಗೇ ಉಂಟು?"

"ಇನ್ನು ಹದಿನಾಲ್ಕು ಜನರದ್ದು ಉಂಟು ಕೊರಗಣ್ಣ."

ಸಂಜೆ ನಾಲ್ಕಕ್ಕೆ ಮಕ್ಕಳು ಬಂದಾಗ ಸೊಸೈಟಿ ರೂಮಿನಲ್ಲಿ ಚಾಪೆ ಇರಲಿಲ್ಲ. ಮೀಟಿಂಗಿನ ಪ್ಲಾಸ್ಟಿಕ್ ಕುರ್ಚಿಗಳು ಹೋಗುವಾಗ ಐದು, ಬರುವಾಗ ಐದು; ಒಂದೊಂದರ ಬೆನ್ನಿಗೂ ದಾರದಲ್ಲಿ ಕಟ್ಟಿದ ಹಿತ್ತಾಳೆಯ ಬಿಲ್ಲೆ. ಆರನೆಯದನ್ನು ಅಂಗಾರ ಕಂಬಕ್ಕೆ ತಾಗಿಸಿ, ದಾರಿಗೆ ಅಡ್ಡವಾಗಿ ಇಟ್ಟಿದ್ದ. ಕೂರಬಾರದು, ನಡೆಯಬೇಕು ಎಂದ.

ಶ್ರಾವ್ಯಾ ಬಾಗಿಲಲ್ಲಿ ನಿಂತು ನೋಡಿದಳು. ಅಪ್ಪ ನಾಲ್ಕನೇ ಕುರ್ಚಿಯ ಮುಂದೆ ಮಂಡಿಯೂರಿ ಪೇಪರ್ ಮಡಚುತ್ತಿದ್ದ.

"ಪಪ್ಪಾ, ಅದು ಠೀಕ್ ಹೈ ನಾ. ಅಲುಗೋದಿಲ್ಲ ಅದು."

"ಅದೇ ಮಗಾ ತೊಂದರೆ," ಎಂದ ಅಂಗಾರ. ಮಡಚಿದ ಪೇಪರನ್ನು ಒಂದು ಕಾಲಿನಡಿ ಮಾತ್ರ ತುರುಕಿದ. ಬೆರಳಿನಿಂದ ಒತ್ತಿ ನೋಡಿದ. ಕುಣಿತ ಸಾಲದು ಅನ್ನಿಸಿ, ಇನ್ನೊಂದು ಮಡಿಕೆ ಸೇರಿಸಿದ.